ಮ್ಯುಟೇಶನ್ ಟೆಸ್ಟಿಂಗ್

ಒಂದು ಪ್ರೋಗ್ರಾಮಿಗೆ ಬರೆದಿಟ್ಟ ಯೂನಿಟ್ ಟೆಸ್ಟುಗಳು ನಿಜವಾಗಿಯೂ ದೋಷಗಳನ್ನು ಹಿಡಿಯುತ್ತವೆಯೇ ಎಂದು ತಿಳಿಯುವ ವಿಧಾನ. ಮೂಲ ಕೋಡಿನ ನಕಲೊಂದನ್ನು ಮಾಡಿಕೊಂಡು, ಅದರಲ್ಲಿ ಬೇಕೆಂದೇ ಒಂದು ಸಣ್ಣ ತಪ್ಪು ಮಾಡುತ್ತಾರೆ. ಕೂಡುವ ಕಡೆ ಕಳೆಯುವುದು, `<` ಇದ್ದಲ್ಲಿ `<=` ಬರೆಯುವುದು, 7 ಇದ್ದಲ್ಲಿ 8 ಹಾಕುವುದು ಇಂಥವು. ಹೀಗೆ ಕೆಡಿಸಿದ ನಕಲಿಗೆ ರೂಪಾಂತರಿ ಎಂದು ಹೆಸರು. ಪ್ರೋಗ್ರಾಮರುಗಳ ಮಾತಿನಲ್ಲಿ ಅದು ಮ್ಯುಟೆಂಟ್. ಮೂಲ ಕೋಡಿಗೆ ಬರೆದಿದ್ದ ಟೆಸ್ಟುಗಳನ್ನೇ ಈ ನಕಲಿನ ಮೇಲೆ ಓಡಿಸುತ್ತಾರೆ. ಒಂದಾದರೂ ಟೆಸ್ಟ್ ಫೇಲಾದರೆ ತಪ್ಪು ಸಿಕ್ಕಿಬಿದ್ದಂತೆ, ರೂಪಾಂತರಿ ಸತ್ತಿತು ಎನ್ನುತ್ತಾರೆ. ಎಲ್ಲ ಟೆಸ್ಟುಗಳೂ ಪಾಸಾದರೆ ರೂಪಾಂತರಿ ಉಳಿದುಕೊಂಡಿತು ಎನ್ನುತ್ತಾರೆ. ಕೋಡ್ ಕೆಟ್ಟರೂ ಟೆಸ್ಟುಗಳಿಗೆ ಅದು ಗೊತ್ತಾಗಲಿಲ್ಲ ಎಂದು ಇದರ ಅರ್ಥ.

ಹುಟ್ಟಿದ ರೂಪಾಂತರಿಗಳಲ್ಲಿ ಸತ್ತವು ಎಷ್ಟು ಪಾಲು ಎಂಬುದೇ ಮ್ಯುಟೇಶನ್ ಸ್ಕೋರ್. ಈ ಅಂಕಿಯೇ ಹೆಚ್ಚು ಪ್ರಸಿದ್ಧವಾದರೂ ವಿಧಾನದ ಬೆಲೆ ಇರುವುದು ಅದರಲ್ಲಲ್ಲ, ಉಳಿದುಕೊಂಡ ಒಂದೊಂದು ರೂಪಾಂತರಿಯಲ್ಲಿ. ಟೆಸ್ಟುಗಳು ಯಾವ ಸಾಲಿನ ಯಾವ ಬದಲಾವಣೆಯನ್ನು ಗಮನಿಸಲಿಲ್ಲ ಎಂದು ಅದು ಬೆರಳಿಟ್ಟು ತೋರಿಸುತ್ತದೆ. ಅದನ್ನು ಓದಿ ಅರ್ಥಮಾಡಿಕೊಳ್ಳದೆ ಅಂಕಿಯನ್ನಷ್ಟೇ ಏರಿಸಹೊರಟರೆ ಶ್ರಮ ವ್ಯರ್ಥವಾಗುತ್ತದೆ. ಮುಂದಿನ ಉದಾಹರಣೆಯಲ್ಲಿ ಇದನ್ನು ವಿವರವಾಗಿ ನೋಡಬಹುದು.

ಕವರೇಜ್ ಹೇಳದೆ ಬಿಡುವುದು

ಟೆಸ್ಟುಗಳ ಗುಣವನ್ನು ಅಳೆಯಲು ಸಾಮಾನ್ಯವಾಗಿ ಬಳಸುವುದು ಕೋಡ್ ಕವರೇಜನ್ನು, ಅಂದರೆ ಟೆಸ್ಟುಗಳು ಓಡುವಾಗ ಕೋಡಿನ ಎಷ್ಟು ಸಾಲುಗಳು, ಎಷ್ಟು ಕವಲುಗಳು ಓಡಿದವು ಎಂಬ ಲೆಕ್ಕವನ್ನು. ಕವರೇಜ್ ಕಡಿಮೆ ಇದ್ದರೆ ಅದರಿಂದ ಖಚಿತ ಮಾಹಿತಿ ಸಿಗುತ್ತದೆ: ಓಡದ ಸಾಲಿನಲ್ಲಿರುವ ತಪ್ಪನ್ನು ಯಾವ ಟೆಸ್ಟೂ ಹಿಡಿಯಲಾರದು. ಆದರೆ ಕವರೇಜ್ ಹೆಚ್ಚಿದ್ದರೆ ಸಾಲು ಓಡಿತು ಎಂದಷ್ಟೇ ತಿಳಿಯುತ್ತದೆ. ಆ ಸಾಲಿನ ಫಲಿತಾಂಶವನ್ನು ಯಾರಾದರೂ ನೋಡಿದರೇ ಎಂಬುದು ತಿಳಿಯುವುದಿಲ್ಲ. ಟೆಸ್ಟುಗಳಲ್ಲಿ ಕೋಡನ್ನು ಕರೆಯುವ ಭಾಗವನ್ನು ಮಾತ್ರ ಉಳಿಸಿಕೊಂಡು `assert` ಹೋಲಿಕೆಗಳನ್ನೆಲ್ಲ ಅಳಿಸಿಹಾಕಿದರೂ ಕವರೇಜಿನ ಅಂಕಿ ಇಳಿಯುವುದಿಲ್ಲ. ಮ್ಯುಟೇಶನ್ ಸ್ಕೋರ್ ಮಾತ್ರ ಕುಸಿದುಬೀಳುತ್ತದೆ. ಕೋಡ್ ಕ್ರ್ಯಾಶ್ ಆಗುವಂಥ ಅಥವಾ ಕೊನೆಯಿಲ್ಲದೆ ಸುತ್ತುವಂಥ ರೂಪಾಂತರಿಗಳಷ್ಟೇ ಆಗ ಸಿಕ್ಕಿಬೀಳುತ್ತವೆ.

ಒಂದು ಉದಾಹರಣೆ

ಗ್ರಂಥಾಲಯವೊಂದರ ನಿಯಮ ಹೀಗಿದೆ ಎಂದಿಟ್ಟುಕೊಳ್ಳೋಣ. ಪುಸ್ತಕ ಹಿಂದಿರುಗಿಸುವ ದಿನಾಂಕ ಕಳೆದ ಮೇಲೂ 7 ದಿನಗಳ ವಿನಾಯಿತಿ ಇದೆ. ಅದಾದ ಮೇಲೆ ದಿನಕ್ಕೆ 2 ರೂಪಾಯಿ ದಂಡ. ದಂಡ ಎಷ್ಟೇ ಏರಿದರೂ 100 ರೂಪಾಯಿ ಮೀರಬಾರದು. ಪೈಥಾನಿನಲ್ಲಿ ಇದನ್ನು ಹೀಗೆ ಬರೆಯಬಹುದು:

```python
def danda(dina):
    if dina <= 7:
        return 0
    shulka = (dina - 7) * 2
    if shulka > 100:
        shulka = 100
    return shulka
```

ಇದಕ್ಕೆ ಮೂರು ಟೆಸ್ಟುಗಳಿವೆ:

```python
def test_vinayiti():
    assert danda(3) == 0

def test_tada():
    assert danda(10) == 6

def test_bahala_tada():
    assert danda(90) > 0
```

ಮೂರೂ ಪಾಸಾಗುತ್ತವೆ. ಮೊದಲ `if` ನಿಜವಾಗುವುದನ್ನು 3 ಕಾಣಿಸುತ್ತದೆ, ಸುಳ್ಳಾಗುವುದನ್ನು 10 ಕಾಣಿಸುತ್ತದೆ. ಎರಡನೆಯ `if` ಕೂಡ 90ಕ್ಕೆ ನಿಜ, 10ಕ್ಕೆ ಸುಳ್ಳು. ಹಾಗಾಗಿ ಸಾಲುಗಳ ಕವರೇಜೂ ಕವಲುಗಳ ಕವರೇಜೂ 100 ಪ್ರತಿಶತ. ಕವರೇಜ್ ವರದಿಯನ್ನಷ್ಟೇ ನೋಡುವವರಿಗೆ ಇಲ್ಲಿ ಮಾಡಬೇಕಾದ ಕೆಲಸ ಏನೂ ಉಳಿದಿಲ್ಲ.

ಈಗ ಇದೇ ಕೋಡಿನಿಂದ ಹತ್ತು ರೂಪಾಂತರಿಗಳನ್ನು ಮಾಡೋಣ. ಒಂದೊಂದರಲ್ಲೂ ಒಂದೇ ಬದಲಾವಣೆ:

```
 1   dina <= 7      ->  dina < 7
 2   dina <= 7      ->  dina <= 8
 3   return 0       ->  return 1
 4   dina - 7       ->  dina + 7
 5   dina - 7       ->  dina - 8
 6   * 2            ->  / 2
 7   * 2            ->  * 3
 8   shulka > 100   ->  shulka >= 100
 9   shulka > 100   ->  shulka > 101
10   shulka = 100   ->  shulka = 101
```

ಮೂರನೆಯದನ್ನು ಮೊದಲ ಟೆಸ್ಟೇ ಕೊಲ್ಲುತ್ತದೆ. ನಾಲ್ಕರಿಂದ ಏಳರವರೆಗಿನವು ಎರಡನೆಯ ಟೆಸ್ಟಿಗೆ ಸಿಕ್ಕಿಬೀಳುತ್ತವೆ: 6 ಬರಬೇಕಾದಲ್ಲಿ ಅವು ಕ್ರಮವಾಗಿ 34, 4, 1.5, 9 ಕೊಡುತ್ತವೆ. ಉಳಿದ ಐದೂ ಬದುಕುತ್ತವೆ. ಕವರೇಜ್ 100 ಇರುವ ಕಡೆ ಮ್ಯುಟೇಶನ್ ಸ್ಕೋರ್ 50 ಪ್ರತಿಶತ.

ಬದುಕಿದವುಗಳಲ್ಲಿ ಹತ್ತನೆಯದನ್ನು ಮೊದಲು ನೋಡೋಣ. 90 ದಿನ ತಡಮಾಡಿದವರಿಗೆ ಈ ರೂಪಾಂತರಿ 101 ರೂಪಾಯಿ ದಂಡ ಹಾಕುತ್ತದೆ, ಅಂದರೆ ಮಿತಿಯನ್ನೇ ಮೀರುತ್ತದೆ. ಮೂರನೆಯ ಟೆಸ್ಟ್ ಆ ಸಾಲನ್ನು ಓಡಿಸಿತು, ಫಲಿತಾಂಶವನ್ನೂ ಕೈಗೆ ತೆಗೆದುಕೊಂಡಿತು, ಆದರೆ ಅದು ಸೊನ್ನೆಗಿಂತ ದೊಡ್ಡದೇ ಎಂದಷ್ಟೇ ಕೇಳಿತು. 101 ಇರಲಿ, 500 ಇರಲಿ, ಈ ಪ್ರಶ್ನೆಗೆ ಉತ್ತರ ಒಂದೇ. ಕೊರತೆ ಇರುವುದು ಕೊಟ್ಟ ಇನ್‌ಪುಟ್ಟಿನಲ್ಲಲ್ಲ, `assert` ಸಾಲಿನಲ್ಲಿ. ಅದನ್ನು `danda(90) == 100` ಎಂದು ತಿದ್ದಿದರೆ ಹತ್ತನೆಯದು ಸಾಯುತ್ತದೆ. ದುರ್ಬಲವಾದ ಇಂಥ ಹೋಲಿಕೆಗಳು ನಿಜವಾದ ಪ್ರಾಜೆಕ್ಟುಗಳಲ್ಲಿ ಬೇಕಾದಷ್ಟು ಇರುತ್ತವೆ: ಬಂದ ಲಿಸ್ಟ್ ಖಾಲಿ ಇಲ್ಲವೇ ಎಂದು ಮಾತ್ರ ನೋಡುವುದು, ಬಂದದ್ದು `None` ಅಲ್ಲವೇ ಎಂದು ಮಾತ್ರ ನೋಡುವುದು, ಎಕ್ಸೆಪ್ಶನ್ ಬರಲಿಲ್ಲವಲ್ಲ ಎಂದು ಸುಮ್ಮನಾಗುವುದು. ಕವರೇಜಿಗೆ ಇವು ಯಾವುವೂ ಕಾಣುವುದಿಲ್ಲ.

ಎರಡನೆಯ ರೂಪಾಂತರಿಯ ಕಥೆ ಬೇರೆ. ವಿನಾಯಿತಿಯನ್ನು ಅದು 8 ದಿನಕ್ಕೆ ಏರಿಸಿದೆ, ಆದರೆ ಕೆಳಗಿನ ಲೆಕ್ಕದಲ್ಲಿ ಇನ್ನೂ 7 ಅನ್ನೇ ಕಳೆಯುತ್ತಿದೆ. ಆದ್ದರಿಂದ 9ನೆಯ ದಿನದಿಂದಾಚೆಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. 8ನೆಯ ದಿನ ಒಂದರಲ್ಲಿ ಮಾತ್ರ 2 ರೂಪಾಯಿ ಬರಬೇಕಾದಲ್ಲಿ 0 ಬರುತ್ತದೆ. ಟೆಸ್ಟ್ ಬರೆದವರು 3, 10, 90 ಎಂಬ ಆರಾಮದ ಸಂಖ್ಯೆಗಳನ್ನು ಆರಿಸಿಕೊಂಡದ್ದರಿಂದ ಗಡಿಯಲ್ಲಿರುವ 8 ತಪ್ಪಿಸಿಕೊಂಡಿತು. `assert danda(8) == 2` ಎಂಬ ಹೊಸ ಟೆಸ್ಟ್ ಸೇರಿಸಿದರೆ ಇದೂ ಸಾಯುತ್ತದೆ. ಇಲ್ಲಿ ಕೊರತೆ ಇದ್ದದ್ದು ಇನ್‌ಪುಟ್ಟಿನಲ್ಲಿ.

ಒಂದು ಟೆಸ್ಟ್ ರೂಪಾಂತರಿಯನ್ನು ಕೊಲ್ಲಬೇಕಾದರೆ ಮೂರು ಸಂಗತಿಗಳು ಒಟ್ಟಿಗೆ ಕೂಡಿಬರಬೇಕು. ಬದಲಾದ ಜಾಗವನ್ನು ಟೆಸ್ಟ್ ತಲುಪಬೇಕು. ಅಲ್ಲಿ ಲೆಕ್ಕ ಮೂಲಕ್ಕಿಂತ ಬೇರೆಯಾಗಬೇಕು. ಆ ವ್ಯತ್ಯಾಸ `assert` ನೋಡುವ ಜಾಗದವರೆಗೆ ಹರಿದುಬರಬೇಕು. ಎರಡನೆಯ ಸಂಗತಿ ತಪ್ಪುವುದು ಎಷ್ಟು ಸುಲಭ ಎಂದರೆ, ಮೇಲಿನ ಟೆಸ್ಟಿನಲ್ಲಿ 10ರ ಬದಲು 9 ಇದ್ದಿದ್ದರೆ ಸಾಕಿತ್ತು. 9ರಿಂದ 7 ಕಳೆದರೆ 2. ಎರಡೆರಡಲೇ ನಾಲ್ಕು, ಎರಡು ಕೂಡಿಸು ಎರಡೂ ನಾಲ್ಕು. `*` ಅನ್ನು `+` ಮಾಡಿದ ರೂಪಾಂತರಿ ಆ ಟೆಸ್ಟಿನ ಕಣ್ಣೆದುರಿನಲ್ಲೇ ಪಾಸಾಗಿ ಹೋಗುತ್ತಿತ್ತು. ಟೆಸ್ಟಿಗೆ ಸಂಖ್ಯೆ ಆರಿಸುವಾಗ 0, 1, 2 ಇಂಥವನ್ನು ಬಿಟ್ಟು ಸ್ವಲ್ಪ ಒರಟಾದ ಸಂಖ್ಯೆಗಳನ್ನು ಆರಿಸಬೇಕು ಎನ್ನುವುದಕ್ಕೆ ಕಾರಣ ಇದೇ. ಮೂರನೆಯ ಸಂಗತಿಯನ್ನು ಬಿಟ್ಟು, ಬದಲಾದ ಜಾಗದ ಮುಂದೆಯೇ ವ್ಯತ್ಯಾಸ ನೋಡಿದರೆ ಸಾಕು ಎಂಬ ಅಗ್ಗದ ಬಗೆಯನ್ನು 1982ರಲ್ಲಿ ವಿಲಿಯಂ ಹೌಡನ್ ಸೂಚಿಸಿದರು. ಅದಕ್ಕೆ ದುರ್ಬಲ ಮ್ಯುಟೇಶನ್ ಎಂದು ಹೆಸರು. ಸಮಯ ಉಳಿಯುತ್ತದೆ ನಿಜ, ಆದರೆ `assert` ಸಾಲುಗಳ ಬಲವನ್ನು ಅದು ಪರೀಕ್ಷಿಸುವುದಿಲ್ಲ. ಯೂನಿಟ್ ಟೆಸ್ಟುಗಳ ಮಟ್ಟಿಗೆ ಅದು ದೊಡ್ಡ ನಷ್ಟ.

ಕೊಲ್ಲಲಾಗದ ರೂಪಾಂತರಿಗಳು

ಇನ್ನು 1, 8, 9 ಉಳಿದಿವೆ. ಮೊದಲನೆಯದರಲ್ಲಿ `<=` ಹೋಗಿ `<` ಬಂದಿದೆ. ಅನುಭವ ಇರುವವರು ತಕ್ಷಣ `danda(7) == 0` ಎಂಬ ಗಡಿ ಟೆಸ್ಟನ್ನು ಬರೆಯುತ್ತಾರೆ. ರೂಪಾಂತರಿ ಸಾಯುವುದಿಲ್ಲ. 7ನೆಯ ದಿನ ಅದು ಮೊದಲ `if` ಅನ್ನು ದಾಟಿ ಕೆಳಗೆ ಬರುತ್ತದೆ, 7ರಿಂದ 7 ಕಳೆಯುತ್ತದೆ, ಸೊನ್ನೆಯನ್ನು 2ರಿಂದ ಗುಣಿಸುತ್ತದೆ, ಸೊನ್ನೆಯನ್ನೇ ಹಿಂದಿರುಗಿಸುತ್ತದೆ. ಎಂಟನೆಯದೂ ಹೀಗೆಯೇ: ದಂಡ ಸರಿಯಾಗಿ 100 ಆದಾಗ ಅದು 100ರ ಜಾಗಕ್ಕೆ 100 ಅನ್ನೇ ಇಡುತ್ತದೆ. ಬರಹ ಬೇರೆಯಾದರೂ ನಡೆ ಒಂದೇ. ಇಂಥವಕ್ಕೆ ಸಮಾನ ರೂಪಾಂತರಿಗಳು ಎನ್ನುತ್ತಾರೆ. ಯಾವ ಟೆಸ್ಟೂ ಅವನ್ನು ಕೊಲ್ಲಲಾರದು, ಏಕೆಂದರೆ ಹಿಡಿಯಲು ತಪ್ಪೇ ಇಲ್ಲ.

ಒಂಬತ್ತನೆಯದನ್ನು ನೋಡಿದರೆ ಮೊದಲಿಗೆ ತಪ್ಪೆಂದೇ ಅನಿಸುತ್ತದೆ. ಮಿತಿ 100 ಇರುವಾಗ 101ರೊಂದಿಗೆ ಹೋಲಿಸುವುದು ಸರಿಯಾಗುವುದಾದರೂ ಹೇಗೆ? 57, 58 ಎರಡನ್ನೂ ಕೊಟ್ಟು ನೋಡಿದರೂ ವ್ಯತ್ಯಾಸ ಸಿಗುವುದಿಲ್ಲ. ಮಿತಿ ಹಾಕುವ ಮೊದಲು 57ಕ್ಕೆ ದಂಡ 100, 58ಕ್ಕೆ 102. ದಿನಗಳು ಪೂರ್ಣಾಂಕವಾಗಿ, ದರ 2 ರೂಪಾಯಿ ಆಗಿರುವವರೆಗೆ ದಂಡ ಸಮಸಂಖ್ಯೆಯಾಗಿಯೇ ಇರುತ್ತದೆ, 101 ಎಂದಿಗೂ ಬರುವುದಿಲ್ಲ. ಹಾಗಾಗಿ ಇದೂ ಸಮಾನ. ಆದರೆ ಈ ಸಮಾನತೆ ಷರತ್ತಿನ ಮೇಲೆ ನಿಂತಿದೆ. ನಾಳೆ ದರವನ್ನು 1 ರೂಪಾಯಿಗೆ ಇಳಿಸಿದರೆ 101 ಬರಬಹುದು, ಆಗ ಇದೇ ಬದಲಾವಣೆ ನಿಜವಾದ ದೋಷವಾಗುತ್ತದೆ. ಹಾಗಾಗಿ ಒಮ್ಮೆ ಸಮಾನ ಎಂದು ಗುರುತುಹಾಕಿ ಪಟ್ಟಿಯಿಂದ ತೆಗೆದುಹಾಕಿದ ರೂಪಾಂತರಿಯನ್ನು ಕೋಡ್ ಬದಲಾದಾಗ ಮತ್ತೆ ನೋಡಲೇಬೇಕು.

ಸಮಾನವಾದವುಗಳನ್ನು ಲೆಕ್ಕದಿಂದ ಬಿಟ್ಟರೆ ಏಳು ಉಳಿಯುತ್ತವೆ. ಮೊದಲ ಟೆಸ್ಟುಗಳು ಅವುಗಳಲ್ಲಿ ಐದನ್ನು ಕೊಂದಿದ್ದವು. ತಿದ್ದಿದ ಮೇಲೆ ಏಳೂ ಸಾಯುತ್ತವೆ. ಸಾಧನ ತೋರಿಸುವ ಅಂಕಿ ಮಾತ್ರ ಹತ್ತಕ್ಕೆ ಏಳೇ, ಅಂದರೆ 70 ಪ್ರತಿಶತ. ಈ ಕೋಡಿಗೆ 70 ಎನ್ನುವುದೇ ಏರಬಹುದಾದ ತುದಿ ಎಂಬುದು ಅಂಕಿಯನ್ನಷ್ಟೇ ನೋಡುವ ಮ್ಯಾನೇಜರಿಗೆ ಗೊತ್ತಾಗುವುದಿಲ್ಲ. ಎಲ್ಲ ತಂಡಗಳೂ 90 ಮುಟ್ಟಬೇಕೆಂದು ಆಜ್ಞೆ ಹೊರಡಿಸುವುದು ತಪ್ಪಾಗುವುದು ಇಲ್ಲಿಯೇ.

ಎರಡು ಪ್ರೋಗ್ರಾಮುಗಳು ಸಮಾನವೇ ಎಂದು ಎಲ್ಲ ಸಂದರ್ಭಗಳಿಗೂ ತೀರ್ಮಾನಿಸಬಲ್ಲ ಯಾಂತ್ರಿಕ ವಿಧಾನ ಇರಲು ಸಾಧ್ಯವಿಲ್ಲ. ಆ ಮಿತಿ ರೂಪಾಂತರಿಗಳಿಗೂ ಅನ್ವಯಿಸುತ್ತದೆ ಎಂದು ಟಿಮೊಥಿ ಬಡ್ ಮತ್ತು ಡಾನಾ ಆಂಗ್ಲುಯಿನ್ 1982ರಲ್ಲಿ ತೋರಿಸಿದರು. ಆದ್ದರಿಂದ ಈ ತೊಂದರೆಯನ್ನು ಪೂರ್ತಿ ನೀಗಿಸುವ ಸಾಧನ ಎಂದೂ ಬರಲಾರದು. ಕೊನೆಗೆ ಮನುಷ್ಯರೇ ಕೂತು ನೋಡಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. 2010ರಲ್ಲಿ ಡೇವಿಡ್ ಶೂಲರ್ ಮತ್ತು ಆಂಡ್ರಿಯಾಸ್ ಝೆಲ್ಲರ್ ಏಳು ಜಾವಾ ಪ್ರೋಗ್ರಾಮುಗಳಿಂದ ಉಳಿದುಕೊಂಡ ರೂಪಾಂತರಿಗಳ ಮಾದರಿಯೊಂದನ್ನು ಆರಿಸಿ ಕೈಯಿಂದಲೇ ಪರಿಶೀಲಿಸಿದಾಗ, ಅವುಗಳಲ್ಲಿ 45 ಪ್ರತಿಶತ ಸಮಾನವಾಗಿದ್ದವು. ಒಂದೊಂದನ್ನು ನಿರ್ಧರಿಸಲು ಸುಮಾರು 15 ನಿಮಿಷ ಬೇಕಾಯಿತು. ಕೆಲವನ್ನು ಅಗ್ಗವಾಗಿ ಜರಡಿ ಹಿಡಿಯುವ ಉಪಾಯವೂ ಇದೆ: ಮೂಲವನ್ನೂ ರೂಪಾಂತರಿಯನ್ನೂ ಕಂಪೈಲರಿನ ಆಪ್ಟಿಮೈಸೇಶನ್ನಿಗೆ ಒಡ್ಡಿ, ಹೊರಬಂದ ಮೆಷಿನ್ ಕೋಡ್ ಅಕ್ಷರಶಃ ಒಂದೇ ಆಗಿದ್ದರೆ ಆ ರೂಪಾಂತರಿಯನ್ನು ಬಿಟ್ಟುಬಿಡುವುದು. ಮೈಕ್ ಪಾಪಡಾಕಿಸ್ ಮತ್ತು ಸಂಗಡಿಗರು 2015ರಲ್ಲಿ ಇದನ್ನು ಸಿ ಪ್ರೋಗ್ರಾಮುಗಳ ಮೇಲೆ ಪ್ರಯೋಗಿಸಿ, ಗೊತ್ತಿದ್ದ ಸಮಾನ ರೂಪಾಂತರಿಗಳಲ್ಲಿ ಸುಮಾರು 30 ಪ್ರತಿಶತವನ್ನು ಹೀಗೆ ಗುರುತಿಸಬಹುದೆಂದು ಕಂಡುಕೊಂಡರು.

ಸಮಾನ ರೂಪಾಂತರಿ ಎಂದರೆ ಬರೀ ಕಸ ಎಂದು ತಳ್ಳಿಹಾಕುವುದು ಮಾತ್ರ ಸರಿಯಲ್ಲ. ಹೋಲಿಕೆಯನ್ನು ಅತ್ತಿತ್ತ ಸರಿಸಿದರೂ ಫಲಿತಾಂಶ ಬದಲಾಗುವುದಿಲ್ಲ ಎಂದರೆ ಆ ಹೋಲಿಕೆಯೇ ಹೆಚ್ಚುವರಿಯಾಗಿ ಕೂತಿರಬಹುದು. ನಮ್ಮ ಉದಾಹರಣೆಯನ್ನೇ ಹೀಗೆ ಬರೆಯಬಹುದು:

```python
def danda(dina):
    return min(max(dina - 7, 0) * 2, 100)
```

7 ಈಗ ಒಂದೇ ಕಡೆ ಇದೆ, 100 ಒಂದೇ ಕಡೆ ಇದೆ, ಹೋಲಿಕೆಯ ಚಿಹ್ನೆಗಳೇ ಇಲ್ಲ. 1, 8, 9 ಹುಟ್ಟಲು ಜಾಗವೇ ಉಳಿದಿಲ್ಲ. ಎರಡನೆಯದೂ ಮೊದಲಿನ ರೂಪದಲ್ಲಿ ಹುಟ್ಟಲಾರದು, ಏಕೆಂದರೆ 7 ಅನ್ನು 8 ಮಾಡಿದರೆ ಈಗ 10ನೆಯ ದಿನದ ದಂಡವೇ 4 ಆಗಿ ಎರಡನೆಯ ಟೆಸ್ಟಿಗೆ ಸಿಗುತ್ತದೆ. ಚಿಹ್ನೆಗಳನ್ನೂ ಸಂಖ್ಯೆಗಳನ್ನೂ ಬದಲಿಸಿ ಇದರಿಂದ ಆರು ರೂಪಾಂತರಿಗಳನ್ನು ಮಾಡಿದರೆ (`-` ಇದ್ದಲ್ಲಿ `+`, `*` ಇದ್ದಲ್ಲಿ `/`, 7, 0, 2, 100 ಒಂದೊಂದನ್ನೂ ಒಂದರಷ್ಟು ಏರಿಸಿದವು) ತಿದ್ದಿದ `== 100` ಟೆಸ್ಟಿನೊಂದಿಗೆ ಆರೂ ಸಾಯುತ್ತವೆ. ಟೆಸ್ಟುಗಳನ್ನು ಅಳೆಯಲು ಹೊರಟ ವಿಧಾನ ಇಲ್ಲಿ ಕೋಡನ್ನೇ ಚೊಕ್ಕಗೊಳಿಸಿತು. ಹೀಗೆ ಆಗುವುದು ಅಪರೂಪವಲ್ಲ.

ಹಿನ್ನೆಲೆ

1971ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದ ರಿಚರ್ಡ್ ಲಿಪ್ಟನ್ ತರಗತಿಗಾಗಿ ಬರೆದ ಪ್ರಬಂಧವೊಂದರಲ್ಲಿ ಈ ಯೋಚನೆ ಮೊದಲು ಕಾಣಿಸಿಕೊಂಡಿತು. 1978ರಲ್ಲಿ ರಿಚರ್ಡ್ ಡಿಮಿಲ್ಲೊ, ಲಿಪ್ಟನ್ ಮತ್ತು ಫ್ರೆಡೆರಿಕ್ ಸೇವರ್ಡ್ 'ಕಂಪ್ಯೂಟರ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಇದನ್ನು ಎಲ್ಲರ ಗಮನಕ್ಕೆ ತಂದಿತು. ಬಡ್ ಅವರ 1980ರ ಯೇಲ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪ್ರಬಂಧ ಇದೇ ವಿಷಯವನ್ನು ಕುರಿತದ್ದು. 1980ರ ದಶಕದಲ್ಲಿ ಜಾರ್ಜಿಯಾ ಟೆಕ್‌ನಲ್ಲಿ ಫೋರ್ಟ್ರಾನ್ 77 ಭಾಷೆಗಾಗಿ ಮೋತ್ರಾ ಎಂಬ ಸಾಧನವನ್ನು ಕಟ್ಟಿದರು; ಕೋಡನ್ನು 22 ಬಗೆಯಲ್ಲಿ ಕೆಡಿಸುವ ನಿಯಮಗಳು ಅದರಲ್ಲಿದ್ದವು.

ನಿಜವಾದ ಬಗ್‌ಗಳು ಸಣ್ಣವೂ ಇರುತ್ತವೆ, ಬಲು ಜಟಿಲವೂ ಇರುತ್ತವೆ. ಒಂದೇ ಚಿಹ್ನೆ ಬದಲಿಸಿ ಮಾಡಿದ ತಪ್ಪುಗಳನ್ನು ಹಿಡಿದ ಮಾತ್ರಕ್ಕೆ ಅವುಗಳ ಬಗ್ಗೆ ಏನು ಹೇಳಲು ಸಾಧ್ಯ? 1978ರ ಲೇಖನ ಇದಕ್ಕೆ ಎರಡು ಊಹೆಗಳನ್ನು ಮುಂದಿಟ್ಟಿತು. ಪ್ರೋಗ್ರಾಮರ್ ಬರೆದ ಕೋಡ್ ಪೂರ್ತಿ ಸರಿಯಿಲ್ಲದಿದ್ದರೂ ಸರಿಯಾದ ಕೋಡಿಗೆ ತೀರ ಹತ್ತಿರದಲ್ಲಿರುತ್ತದೆ ಎಂಬುದು ಒಂದು. ಸರಳ ತಪ್ಪುಗಳನ್ನೆಲ್ಲ ಹಿಡಿಯುವಷ್ಟು ಸೂಕ್ಷ್ಮವಾದ ಟೆಸ್ಟುಗಳು, ಆ ಸರಳ ತಪ್ಪುಗಳು ಕೂಡಿ ಆದ ಜಟಿಲ ತಪ್ಪುಗಳನ್ನೂ ಬಹುಮಟ್ಟಿಗೆ ಹಿಡಿಯುತ್ತವೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಜೆಫ್ ಆಫಟ್ 1992ರಲ್ಲಿ ಪ್ರಕಟಿಸಿದ ಪ್ರಯೋಗಗಳು ಬೆಂಬಲ ಕೊಟ್ಟವು.

ನಿಜವಾದ ಬಗ್‌ಗಳೊಂದಿಗೆ ನೇರವಾಗಿ ಹೋಲಿಸಿದ ದೊಡ್ಡ ಅಧ್ಯಯನ ಬಂದದ್ದು 2014ರಲ್ಲಿ. ರೆನೆ ಜಸ್ಟ್ ಮತ್ತು ಸಂಗಡಿಗರು ಐದು ಓಪನ್ ಸೋರ್ಸ್ ಜಾವಾ ಪ್ರಾಜೆಕ್ಟುಗಳ ಇತಿಹಾಸದಿಂದ 357 ನಿಜವಾದ ದೋಷಗಳನ್ನು ಹೆಕ್ಕಿದರು. ಪ್ರತಿ ದೋಷಕ್ಕೂ ಅದನ್ನು ಹಿಡಿಯುವ ಟೆಸ್ಟ್ ಸೇರಿಸಿದಾಗ, ಮೊದಲು ಬದುಕಿದ್ದ ರೂಪಾಂತರಿ ಯಾವುದಾದರೂ ಸಾಯುತ್ತದೆಯೇ ಎಂದು ನೋಡಿದರು. 73 ಪ್ರತಿಶತ ದೋಷಗಳಲ್ಲಿ ಹಾಗೆ ಆಯಿತು. ಇನ್ನು 10 ಪ್ರತಿಶತಕ್ಕೆ ಕೆಡಿಸುವ ನಿಯಮಗಳನ್ನು ಬಲಪಡಿಸಬೇಕು ಇಲ್ಲವೇ ಹೊಸದನ್ನು ಸೇರಿಸಬೇಕು. ಉಳಿದ 17 ಪ್ರತಿಶತ ದೋಷಗಳಿಗೆ ಹೊಂದುವ ರೂಪಾಂತರಿಯೇ ಇರಲಿಲ್ಲ. ಈ ಕೊನೆಯ ಅಂಕಿಯ ಅರ್ಥಕ್ಕೆ ಮುಂದೆ ಬರೋಣ.

ಇದರ ಜೊತೆಗಿಟ್ಟು ಓದಬೇಕಾದ ಇನ್ನೊಂದು ಫಲಿತಾಂಶವಿದೆ. ಟೆಸ್ಟುಗಳ ಸಂಖ್ಯೆ ಹೆಚ್ಚಾದಷ್ಟೂ ಸ್ಕೋರೂ ಏರುತ್ತದೆ, ಸಿಗುವ ಬಗ್‌ಗಳೂ ಹೆಚ್ಚುತ್ತವೆ. ಸಂಖ್ಯೆಯ ಈ ಪ್ರಭಾವವನ್ನು ಬೇರ್ಪಡಿಸಿ ನೋಡಿದರೆ ಸ್ಕೋರಿಗೂ ನಿಜವಾದ ದೋಷ ಹಿಡಿಯುವ ಶಕ್ತಿಗೂ ಇರುವ ನಂಟು ತೆಳುವಾಗುತ್ತದೆ ಎಂದು ಪಾಪಡಾಕಿಸ್ ಮತ್ತು ಸಂಗಡಿಗರು 2018ರಲ್ಲಿ ವರದಿಮಾಡಿದರು. ಎರಡು ತಂಡಗಳ ಸ್ಕೋರನ್ನು ಅಕ್ಕಪಕ್ಕ ಇಟ್ಟು ಯಾರ ಟೆಸ್ಟುಗಳು ಮೇಲು ಎಂದು ತೀರ್ಪು ಕೊಡುವುದಕ್ಕೆ ಹಿಂಜರಿಯಬೇಕಾದದ್ದು ಇದರಿಂದ.

ಓಡಿಸುವ ಖರ್ಚು

ಈ ವಿಧಾನ ದಶಕಗಳ ಕಾಲ ಪ್ರಯೋಗಾಲಯದಲ್ಲೇ ಉಳಿದದ್ದಕ್ಕೆ ಮುಖ್ಯ ಕಾರಣ ಸಮಯ. ಸಾವಿರ ರೂಪಾಂತರಿಗಳಿದ್ದು, ಟೆಸ್ಟುಗಳೆಲ್ಲ ಓಡಲು 30 ಸೆಕೆಂಡ್ ಬೇಕಾದರೆ ಒಟ್ಟು 30,000 ಸೆಕೆಂಡ್, ಅಂದರೆ 8 ಗಂಟೆ 20 ನಿಮಿಷ. ಸಾವಿರ ಎನ್ನುವುದು ದೊಡ್ಡ ಸಂಖ್ಯೆಯೇನೂ ಅಲ್ಲ. ಏಳು ಸಾಲಿನ ಕೋಡೇ ಹತ್ತು ರೂಪಾಂತರಿಗಳನ್ನು ಕೊಟ್ಟದ್ದನ್ನು ನೋಡಿದೆವು.

ಖರ್ಚು ಇಳಿಸುವ ಉಪಾಯಗಳಲ್ಲಿ ಹೆಚ್ಚು ಫಲ ಕೊಡುವುದು ಬಲು ಸರಳವಾದದ್ದು. ಯಾವ ಟೆಸ್ಟ್ ಯಾವ ಸಾಲನ್ನು ಮುಟ್ಟುತ್ತದೆ ಎಂದು ಮೊದಲೊಮ್ಮೆ ಕವರೇಜಿನಿಂದ ತಿಳಿದುಕೊಂಡು, ಒಂದೊಂದು ರೂಪಾಂತರಿಗೂ ಅದರ ಸಾಲನ್ನು ಮುಟ್ಟುವ ಟೆಸ್ಟುಗಳನ್ನು ಮಾತ್ರ ಓಡಿಸುವುದು. ಒಂದು ಟೆಸ್ಟ್ ಫೇಲಾದ ಕ್ಷಣವೇ ನಿಲ್ಲಿಸಿ ಮುಂದಿನದಕ್ಕೆ ಹೋಗುವುದು. ಯಾವ ಟೆಸ್ಟೂ ಮುಟ್ಟದ ಸಾಲಿನ ರೂಪಾಂತರಿಯನ್ನು ಓಡಿಸುವ ಅಗತ್ಯವೇ ಇಲ್ಲ. ಜಾವಾದಲ್ಲಿ ಹೆಚ್ಚು ಬಳಕೆಯಲ್ಲಿರುವ ಪಿಟ್ ಎಂಬ ಸಾಧನ ಇದರ ಜೊತೆಗೆ ಮೂಲ ಕೋಡನ್ನು ಬಿಟ್ಟು ಬೈಟ್‌ಕೋಡನ್ನೇ ಬದಲಿಸುತ್ತದೆ. ಹಾಗಾಗಿ ಪ್ರತಿ ರೂಪಾಂತರಿಗೂ ಮತ್ತೆ ಕಂಪೈಲ್ ಮಾಡುವ ಹೊತ್ತು ಉಳಿಯುತ್ತದೆ. ಇನ್ನೊಂದು ದಾರಿ ಕೆಡಿಸುವ ನಿಯಮಗಳನ್ನೇ ಕಡಿಮೆ ಮಾಡುವುದು. 1991ರಲ್ಲಿ ಆದಿತ್ಯ ಮಾಥುರ್ ಸೂಚಿಸಿದ ಈ ದಾರಿಯಲ್ಲಿ ಮುಂದುವರಿದ ಆಫಟ್ ಮತ್ತು ಸಂಗಡಿಗರು, ಮೋತ್ರಾದ 22 ನಿಯಮಗಳಲ್ಲಿ 5 ಇದ್ದರೆ ಹೆಚ್ಚುಕಡಿಮೆ ಅದೇ ಬಲದ ಟೆಸ್ಟುಗಳು ಸಿಗುತ್ತವೆ ಎಂದು 1996ರಲ್ಲಿ ತೋರಿಸಿದರು.

ಇಂದು ಪೈಥಾನಿಗೆ `mutmut`, ಜಾವಾಸ್ಕ್ರಿಪ್ಟ್ ಮತ್ತು ಸಿ ಶಾರ್ಪಿಗೆ ಸ್ಟ್ರೈಕರ್, ಪಿಎಚ್‌ಪಿಗೆ ಇನ್ಫೆಕ್ಷನ್, ರಸ್ಟ್ ಭಾಷೆಗೆ `cargo-mutants` ಹೀಗೆ ಉಚಿತ ಸಾಧನಗಳಿವೆ.

ದೊಡ್ಡ ಕೋಡಿನಲ್ಲಿ ಬಳಕೆ

ಗೂಗಲ್‌ನಲ್ಲಿ ಇದನ್ನು ಹೇಗೆ ಬಳಸುತ್ತಾರೆ ಎಂದು ಗೊರಾನ್ ಪೆಟ್ರೋವಿಚ್ ಮತ್ತು ಮಾರ್ಕೊ ಇವಾಂಕೋವಿಚ್ 2018ರಲ್ಲಿ ವಿವರಿಸಿದ್ದಾರೆ. ಅಲ್ಲಿ ಇಡೀ ಕೋಡಿಗೆ ಸ್ಕೋರ್ ಲೆಕ್ಕಹಾಕುವ ಗೋಜಿಗೆ ಹೋಗುವುದಿಲ್ಲ. ಪ್ರೋಗ್ರಾಮರ್ ಒಂದು ಬದಲಾವಣೆಯನ್ನು ಕೋಡ್ ರಿವ್ಯೂಗೆ ಕಳಿಸಿದಾಗ, ಆ ಬದಲಾವಣೆಯಲ್ಲಿರುವ ಮತ್ತು ಟೆಸ್ಟುಗಳು ಮುಟ್ಟುವ ಸಾಲುಗಳಲ್ಲಿ ಮಾತ್ರ ರೂಪಾಂತರಿಗಳನ್ನು ಮಾಡುತ್ತಾರೆ. ಒಂದು ಸಾಲಿಗೆ ಹೆಚ್ಚೆಂದರೆ ಒಂದು. ಲಾಗ್ ಬರೆಯುವ ಸಾಲುಗಳಂಥ, ಕೆಡಿಸಿದರೂ ಯಾರೂ ಟೆಸ್ಟ್ ಬರೆಯಲು ಮನಸ್ಸು ಮಾಡದ ಜಾಗಗಳನ್ನು ಮೊದಲೇ ಬಿಟ್ಟುಬಿಡುತ್ತಾರೆ. ಉಳಿದುಕೊಂಡ ರೂಪಾಂತರಿಯನ್ನು ರಿವ್ಯೂ ಮಾಡುವವರ ಪರದೆಯಲ್ಲೇ, ಇತರ ಟಿಪ್ಪಣಿಗಳ ನಡುವೆ ತೋರಿಸುತ್ತಾರೆ: ಈ ಸಾಲನ್ನು ಹೀಗೆ ಬದಲಿಸಿದರೂ ನಿಮ್ಮ ಟೆಸ್ಟುಗಳು ಪಾಸಾಗುತ್ತಿವೆ ಎಂದು. ಅದು ಉಪಯೋಗಕ್ಕೆ ಬಾರದ್ದು ಎಂದು ಪ್ರೋಗ್ರಾಮರ್ ಗುರುತುಹಾಕಬಹುದು, ಆ ಗುರುತುಗಳಿಂದ ಬಿಟ್ಟುಬಿಡಬೇಕಾದ ಜಾಗಗಳ ಪಟ್ಟಿ ಬೆಳೆಯುತ್ತದೆ. ಸುಮಾರು 1.5 ಕೋಟಿ ರೂಪಾಂತರಿಗಳ ದಾಖಲೆ ಆಧರಿಸಿ 2021ರಲ್ಲಿ ಬಂದ ಅಧ್ಯಯನ, ಹೀಗೆ ರೂಪಾಂತರಿಗಳನ್ನು ಕಾಣುತ್ತ ಬಂದ ಪ್ರೋಗ್ರಾಮರುಗಳು ಕಾಲಕ್ರಮೇಣ ಹೆಚ್ಚು ಟೆಸ್ಟುಗಳನ್ನು ಬರೆಯತೊಡಗಿದರು ಎಂದು ಹೇಳಿತು.

ಈ ಪದ್ಧತಿಯ ವಿವೇಕ ಇರುವುದು ಕಡಿಮೆ ತೋರಿಸುವುದರಲ್ಲಿ. ರಾತ್ರಿಯಿಡೀ ಓಡಿಸಿ ಬೆಳಗ್ಗೆ ಸಾವಿರಾರು ರೂಪಾಂತರಿಗಳ ಪಟ್ಟಿ ಕೊಟ್ಟರೆ ಅದನ್ನು ಓದುವವರಿಲ್ಲ. ಈಗಷ್ಟೇ ಬರೆದ ಸಾಲಿನ ಬಗ್ಗೆ, ಅದು ಇನ್ನೂ ತಲೆಯಲ್ಲಿರುವಾಗ ಒಂದು ಪ್ರಶ್ನೆ ಕೇಳಿದರೆ ಉತ್ತರ ಸಿಗುತ್ತದೆ. ಸಣ್ಣ ತಂಡಗಳೂ ಇದನ್ನು ಅನುಸರಿಸಬಹುದು. ಹಣದ ಲೆಕ್ಕ, ಅನುಮತಿ ಪರಿಶೀಲನೆ, ದಿನಾಂಕದ ಗಣಿತ ಇರುವ ಒಂದೆರಡು ಫೈಲುಗಳಿಗೆ ಮಾತ್ರ ಸಾಧನವನ್ನು ತಾಗಿಸಿದರೆ ಕೆಲವೇ ನಿಮಿಷಗಳಲ್ಲಿ ಓದಬಹುದಾದಷ್ಟು ರೂಪಾಂತರಿಗಳು ಕೈಗೆ ಬರುತ್ತವೆ.

ಅಂಕಿ ಸುಳ್ಳು ಹೇಳುವ ಬಗೆ

ಸ್ಕೋರ್ ಅನ್ಯಾಯವಾಗಿ ಏರುವುದೂ ಉಂಟು. ಒಮ್ಮೆ ಪಾಸಾಗಿ ಒಮ್ಮೆ ಫೇಲಾಗುವ ಚಂಚಲ ಟೆಸ್ಟ್ ಒಂದಿದ್ದರೆ ಅದು ರೂಪಾಂತರಿಗಳನ್ನು ಯಾದೃಚ್ಛಿಕವಾಗಿ ಕೊಲ್ಲುತ್ತ ಹೋಗುತ್ತದೆ. ತಪ್ಪು ಸಿಕ್ಕಿತೆಂದು ಸಾಧನ ಬರೆದುಕೊಳ್ಳುತ್ತದೆ, ಸಿಕ್ಕಿದ್ದು ಏನೂ ಇರುವುದಿಲ್ಲ. ಕೋಡನ್ನು ಬದಲಿಸದೆ ಎರಡು ಸಲ ಓಡಿಸಿ ವರದಿಗಳನ್ನು ಹೋಲಿಸಿದರೆ ಇದು ಗೊತ್ತಾಗುತ್ತದೆ: ಮೊದಲ ಸಲ ಸತ್ತದ್ದು ಎರಡನೆಯ ಸಲ ಬದುಕಿದ್ದರೆ ರೋಗ ಟೆಸ್ಟಿನಲ್ಲಿದೆ. ಒಂದರ ಮೇಲೊಂದು ಅವಲಂಬಿಸಿದ, ನಿರ್ದಿಷ್ಟ ಕ್ರಮದಲ್ಲೇ ಓಡಬೇಕಾದ ಟೆಸ್ಟುಗಳೂ ಇದೇ ಹಾವಳಿ ಮಾಡುತ್ತವೆ, ಏಕೆಂದರೆ ಸಾಧನ ಅವುಗಳಲ್ಲಿ ಕೆಲವನ್ನು ಮಾತ್ರ ಆರಿಸಿ ಓಡಿಸುತ್ತದೆ.

ಸಮಯ ಮೀರಿದ ರೂಪಾಂತರಿಗಳನ್ನು ಕೂಡ ಎಚ್ಚರದಿಂದ ನೋಡಬೇಕು. ಲೂಪಿನಲ್ಲಿ `i += 1` ಅನ್ನು `i -= 1` ಮಾಡಿದರೆ ಕೋಡ್ ಕೊನೆಯಿಲ್ಲದೆ ಸುತ್ತಬಹುದು. ಆಗ ಸಾಧನ ನಿಗದಿತ ಅವಧಿ ಕಾದು ಅದನ್ನು ನಿಲ್ಲಿಸಿ, ಹಿಡಿದದ್ದರ ಲೆಕ್ಕಕ್ಕೆ ಸೇರಿಸುತ್ತದೆ. ಇದು ನ್ಯಾಯವೇ. ಆದರೆ ಬೇರೆ ಕೆಲಸಗಳ ಭಾರದಲ್ಲಿ ನಿಧಾನವಾದ ಸರ್ವರಿನಲ್ಲಿ ಓಡಿಸಿದಾಗ, ಸುಮ್ಮನೆ ತಡವಾದ ಟೆಸ್ಟೂ ಸಮಯ ಮೀರಿದ್ದೆಂದು ಎಣಿಕೆಯಾಗುತ್ತದೆ. ಲೂಪೇ ಇಲ್ಲದ ಫೈಲಿನಲ್ಲಿ ಸಮಯ ಮೀರಿದ ರೂಪಾಂತರಿಗಳು ಹಲವು ಕಂಡರೆ ಅವಧಿಯನ್ನು ಏರಿಸಿ ಮತ್ತೆ ಓಡಿಸಬೇಕು.

ಸ್ಕೋರನ್ನೇ ಗುರಿ ಮಾಡಿಕೊಂಡಾಗ ಆಗುವ ಕೇಡು ಇನ್ನೂ ಆಳದ್ದು. ಕೋಡ್ ಈಗ ಏನು ಕೊಡುತ್ತದೋ ಅದನ್ನೇ ನಕಲುಮಾಡಿ `assert` ಸಾಲಿಗೆ ಇಟ್ಟರೂ ರೂಪಾಂತರಿಗಳು ಸಾಯುತ್ತವೆ. ಕೋಡೇ ತಪ್ಪಾಗಿದ್ದರೆ ಆ ತಪ್ಪಿಗೆ ಟೆಸ್ಟುಗಳು ಕಾವಲು ನಿಲ್ಲುತ್ತವೆ. `danda(8)` ಎಷ್ಟಾಗಬೇಕು ಎಂಬುದನ್ನು ನಿಯಮದಿಂದ ಓದಿ ಬರೆಯಬೇಕು, ಕೋಡನ್ನು ಓಡಿಸಿ ಬಂದ ಉತ್ತರದಿಂದಲ್ಲ. ಈ ಎರಡಕ್ಕೂ ಇರುವ ವ್ಯತ್ಯಾಸವನ್ನು ಮ್ಯುಟೇಶನ್ ಟೆಸ್ಟಿಂಗ್ ಕಾಣಲಾರದು. ಅದು ಟೆಸ್ಟುಗಳನ್ನು ಈಗಿರುವ ಕೋಡಿನೊಂದಿಗೆ ಹೋಲಿಸುತ್ತದೆಯೇ ಹೊರತು ಕೋಡ್ ಹೇಗಿರಬೇಕಾಗಿತ್ತು ಎಂಬುದರೊಂದಿಗಲ್ಲ.

2014ರ ಅಧ್ಯಯನದ 17 ಪ್ರತಿಶತವನ್ನೂ ಈ ಬೆಳಕಿನಲ್ಲೇ ನೋಡಬೇಕು. ರೂಪಾಂತರಿ ಹುಟ್ಟುವುದು ಬರೆದ ಕೋಡಿನಿಂದ. ಬರೆಯಲು ಮರೆತ ಕೋಡನ್ನು ಕೆಡಿಸಲು ಬರುವುದಿಲ್ಲ. ಆಲ್ಗಾರಿದಂ ಅನ್ನೇ ತಪ್ಪಾಗಿ ಆರಿಸಿಕೊಂಡಿದ್ದರೂ ಒಂದೊಂದು ಚಿಹ್ನೆ ಬದಲಿಸುವುದರಿಂದ ಅದು ಹೊರಬರುವುದಿಲ್ಲ. ನಮ್ಮ ಗ್ರಂಥಾಲಯದ ನಿಯಮದಲ್ಲಿ ರಜಾದಿನಗಳನ್ನು ಎಣಿಸಬಾರದು ಎಂದಿದ್ದು, ಅದನ್ನು ಬರೆಯುವುದನ್ನೇ ಮರೆತಿದ್ದರೆ ಹತ್ತರಲ್ಲಿ ಒಂದು ರೂಪಾಂತರಿಯೂ ಅದನ್ನು ನೆನಪಿಸುವುದಿಲ್ಲ, ಏಳಕ್ಕೆ ಏಳನ್ನು ಕೊಂದ ಟೆಸ್ಟುಗಳಿಗೂ ಅದು ತಿಳಿಯುವುದಿಲ್ಲ. ಅಂಥ ದೋಷವನ್ನು ಹುಡುಕಲು ನಿಯಮದ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಕೋಡನ್ನು ಓದುವವರು ಬೇಕು.